ರಷ್ಯನ್ ಗಂಟೆ, ತಾರೀಖು, ಅವಧಿ: 'ಎರಡನೆಯದರ ಅರ್ಧ' ಅಂದರೆ ಒಂದೂವರೆ ಹೇಗೆ?

ರಷ್ಯನ್ ಕಲಿಯುತ್ತಿರುವವರು, ಅದರಲ್ಲೂ ಮೆಡಿಕಲ್ ಓದಲು ರಷ್ಯಾಕ್ಕೆ ಹೊರಟವರು, ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. 'ಪೋಲ್‌ಫ್ತರೋವ' ಅಂದರೆ ಒಂದೂವರೆಯೋ, ಎರಡೂವರೆಯೋ? ಪದದ ಒಳಗೆ 'ಎರಡನೆಯ' ಅನ್ನುವುದು ಸ್ಪಷ್ಟವಾಗಿ ಕೇಳಿಸುತ್ತದೆ. ಹಾಗಾಗಿ ನಮ್ಮ ಕಿವಿ ಎರಡೂವರೆ ಎಂದು ತಿಳಿಯುತ್ತದೆ. ಆದರೆ ಅದು ಒಂದೂವರೆ. ಯಾಕೆ ಹಾಗೆ ಅನ್ನುವುದು ಒಮ್ಮೆ ಹಿಡಿತಕ್ಕೆ ಬಂದರೆ ಕಾಲು ಗಂಟೆಯೂ ಸಲೀಸಾಗುತ್ತದೆ, ತಾರೀಖೂ ಸಲೀಸಾಗುತ್ತದೆ. ಎರಡಕ್ಕೂ ಬೇಕಿರುವುದು ಒಂದೇ ಬಗೆಯ ಪದರೂಪ.

ಶುರು ಮಾಡುವ ಮೊದಲು

ಒಂದರಿಂದ ಅರವತ್ತರವರೆಗೆ ರಷ್ಯನ್‌ನಲ್ಲಿ ಎಣಿಸಲು ಬರಬೇಕು. ಅದು ಬಂದಿದೆ ಎಂದುಕೊಂಡು ಮುಂದೆ ಹೋಗುತ್ತೇನೆ.

ರಷ್ಯನ್ ಪದಗಳನ್ನು ಇಲ್ಲಿ ಕಿವಿಗೆ ಕೇಳುವ ಹಾಗೆ ಬರೆದಿದ್ದೇನೆ, ಕಾಗುಣಿತದಲ್ಲಿ ಇರುವ ಹಾಗೆ ಅಲ್ಲ. ಒತ್ತು ಬೀಳುವ ಕಡೆ ಹೆಚ್ಚಾಗಿ ದೀರ್ಘ ಹಾಕಿದ್ದೇನೆ. ಒತ್ತಿಲ್ಲದ 'ಒ' ರಷ್ಯನ್ನರ ಬಾಯಲ್ಲಿ 'ಅ' ಆಗುತ್ತದೆ. ಇನ್ನೊಂದು ಮುಖ್ಯ ವಿಷಯ: ಎರಡನೆಯದರ, ಐದನೆಯದರ ಎನ್ನುವ ರೂಪಗಳ ಕೊನೆಯಲ್ಲಿ ಪುಸ್ತಕದಲ್ಲಿ 'ಗೊ' ಎಂದು ಬರೆದಿರುತ್ತದೆ, ಓದುವುದು 'ವ' ಎಂದು. 'ಫ್ತರೋಗೊ' ಎಂದು ಓದಿದರೆ ಕೇಳುವವರಿಗೆ ತಕ್ಷಣ ಅರ್ಥವಾಗುವುದಿಲ್ಲ.

ಹಂತ 1: ಪೂರ್ತಿ ಗಂಟೆಗಳು

ಗಂಟೆಗೆ ರಷ್ಯನ್‌ನಲ್ಲಿ 'ಚಾಸ್'. ಹಿಂದಿನ ಸಂಖ್ಯೆ ನೋಡಿಕೊಂಡು ಇದು ಮೂರು ರೂಪ ಪಡೆಯುತ್ತದೆ. ಒಂದಾದರೆ ಚಾಸ್. ಎರಡು, ಮೂರು, ನಾಲ್ಕಾದರೆ ಚಿಸಾ. ಐದರಿಂದ ಇಪ್ಪತ್ತರವರೆಗೆ ಚಿಸೋಫ್. 21ಕ್ಕೆ ಮತ್ತೆ ಚಾಸ್, 22 ಮತ್ತು 23ಕ್ಕೆ ಮತ್ತೆ ಚಿಸಾ. ಹಾಗಾಗಿ ಮೂರು ಗಂಟೆ 'ತ್ರಿ ಚಿಸಾ', ಏಳು ಗಂಟೆ 'ಸ್ಯೇಮ್ ಚಿಸೋಫ್'. ಒಂದು ಗಂಟೆಗೆ ಸುಮ್ನೆ 'ಚಾಸ್' ಸಾಕು, ಅದರ ಹಿಂದೆ 'ಒಂದು' ಸೇರಿಸುವುದಿಲ್ಲ.

'ಎಷ್ಟು ಗಂಟೆ?' ಎಂದು ಕೇಳಲು 'ಸ್ಕೋಲ್ಕ ವ್ರೇಮಿನಿ?' ಅನ್ನಿ. 'ಎಷ್ಟು ಗಂಟೆಗೆ?' ಎಂದಾದರೆ 'ವ ಸ್ಕೋಲ್ಕ?'. ಉತ್ತರದಲ್ಲಿ ನಮ್ಮ 'ಗಂಟೆಗೆ' ಎಂಬಲ್ಲಿನ 'ಗೆ' ಕೆಲಸವನ್ನು ಮುಂದೆ ಬರುವ ಒಂದು ಸಣ್ಣ 'ವ್' ಮಾಡುತ್ತದೆ: ಎರಡು ಗಂಟೆಗೆ 'ವ್ ದ್ವಾ ಚಿಸಾ'. ಕೆಲವು ಅಕ್ಷರಗಳ ಮುಂದೆ ಅದು 'ಫ್' ಎಂದು ಕೇಳಿಸುತ್ತದೆ: ಐದು ಗಂಟೆಗೆ 'ಫ್ ಪ್ಯಾತ್ ಚಿಸೋಫ್'.

ಬೆಳಗ್ಗೆ, ಮಧ್ಯಾಹ್ನ, ಸಂಜೆ ಅನ್ನುವ ಪದ ಗಂಟೆಯ ನಂತರ ಬರುತ್ತದೆ. ಬೆಳಗ್ಗೆಗೆ 'ಉತ್ರಾ', ಮಧ್ಯಾಹ್ನಕ್ಕೆ 'ದ್ನ್ಯಾ', ಸಂಜೆಗೆ 'ವೇಚಿರ', ರಾತ್ರಿಗೆ 'ನೋಚಿ'. ಇಲ್ಲಿ ಎರಡು ಕಡೆ ನಮಗೂ ಅವರಿಗೂ ಲೆಕ್ಕ ಬೇರೆ. ನಮಗೆ ಬೆಳಗಿನ ಜಾವ ಮೂರು ಗಂಟೆ ಆದದ್ದು ಅವರಿಗೆ 'ತ್ರಿ ಚಿಸಾ ನೋಚಿ', ಅಂದರೆ ರಾತ್ರಿ ಮೂರು. ನಾವು ರಾತ್ರಿ ಹತ್ತು ಗಂಟೆ ಅನ್ನುವುದು ಅವರಿಗೆ 'ದ್ಯೇಸಿತ್ ಚಿಸೋಫ್ ವೇಚಿರ', ಸಂಜೆ ಹತ್ತು. ಅವರ 'ನೋಚಿ' ಸುಮಾರಾಗಿ ಹನ್ನೆರಡರಿಂದ ಮೂರರವರೆಗೆ, ಆಮೇಲೆ 'ಉತ್ರಾ' ಶುರು.

ಹಂತ 2: ಎಷ್ಟನೇ ಗಂಟೆ ನಡೆಯುತ್ತಿದೆ?

ಎಲ್ಲ ಗೊಂದಲವೂ ಇಲ್ಲೇ ಹುಟ್ಟುವುದು, ಆದ್ದರಿಂದ ನಿಧಾನವಾಗಿ ಓದಿ.

ಕನ್ನಡದಲ್ಲಿ ನಾವು ಮುಗಿದ ಗಂಟೆಯ ಹೆಸರಿಗೆ ಭಾಗವನ್ನು ಕೂಡಿಸುತ್ತೇವೆ. ಒಂದೂ ಕಾಲು, ಒಂದೂವರೆ, ಒಂದೂ ಮುಕ್ಕಾಲು. ಮೂರರಲ್ಲೂ 'ಒಂದು' ಹಾಗೇ ನಿಲ್ಲುತ್ತದೆ. ರಷ್ಯನ್ನರು ಮುಗಿದ ಗಂಟೆಯನ್ನು ಹೇಳುವುದಿಲ್ಲ, ಈಗ ನಡೆಯುತ್ತಿರುವ ಗಂಟೆಯನ್ನು ಹೇಳುತ್ತಾರೆ. ಗಡಿಯಾರ ಹನ್ನೆರಡು ದಾಟಿದ ಕ್ಷಣದಿಂದ ಮೊದಲನೇ ಗಂಟೆ ಶುರು. ಅದು ಮುಗಿದಾಗ ಒಂದು ಹೊಡೆಯುತ್ತದೆ. ಅಲ್ಲಿಂದ ಎರಡನೇ ಗಂಟೆ ಶುರು, ಅದು ಮುಗಿಯುವುದು ಎರಡಕ್ಕೆ.

ಈ ಲೆಕ್ಕ ನಮಗೆ ಹೊಸದಲ್ಲ. ಮಗುವಿನ ವಯಸ್ಸು ಹೇಳುವಾಗ 'ಮೂರು ತುಂಬಿ ನಾಲ್ಕನೇದು ನಡೀತಿದೆ' ಅನ್ನುತ್ತೇವೆ, ಅಲ್ವಾ? ಮೂರೂವರೆ ವರ್ಷದ ಮಗು ಎಂದರೆ ನಾಲ್ಕನೇ ವರ್ಷದ ಅರ್ಧ ಕಳೆದಿದೆ ಎಂದೇ ಅರ್ಥ. ರಷ್ಯನ್ನರು ಗಡಿಯಾರವನ್ನೂ ಹೀಗೇ ಎಣಿಸುತ್ತಾರೆ. ಮೂರೂವರೆ ಗಂಟೆ ಎಂದರೆ ನಾಲ್ಕನೆಯದರ ಅರ್ಧ.

ಇದಕ್ಕೆ ಬೇಕಾದದ್ದು 'ಒಂದನೆಯದರ, ಎರಡನೆಯದರ' ಎನ್ನುವ ರೂಪ. ವ್ಯಾಕರಣದಲ್ಲಿ ಇದಕ್ಕೆ ಕ್ರಮವಾಚಕದ ಷಷ್ಠೀ ವಿಭಕ್ತಿ ಅನ್ನುತ್ತಾರೆ. ಕ್ರಮವಾಚಕ ಎಂದರೆ ಎಷ್ಟನೆಯದು ಎಂದು ಹೇಳುವ ಪದ. ಷಷ್ಠೀ ಎಂದರೆ 'ಮನೆಯ', 'ರಾಮನ' ಎನ್ನುವಾಗ ಬರುವ ಸಂಬಂಧದ ರೂಪ. ಈ ಹನ್ನೆರಡು ಪದಗಳನ್ನು ಬಾಯಿಪಾಠ ಮಾಡಲೇಬೇಕು:

- 1: ಪ್ಯೇರ್ವವ
- 2: ಫ್ತರೋವ
- 3: ತ್ರೇತ್ಯೆವ
- 4: ಚಿತ್ವ್ಯೋರ್ತವ
- 5: ಪ್ಯಾತವ
- 6: ಷಿಸ್ತೋವ
- 7: ಸಿದ್ಮೋವ
- 8: ವಸ್ಮೋವ
- 9: ದಿವ್ಯಾತವ
- 10: ದಿಸ್ಯಾತವ
- 11: ಅದೀನತ್ಸತವ
- 12: ದ್ವಿನಾತ್ಸತವ

ಗಂಟೆಯ ಮೊದಲ ಅರ್ಧದಲ್ಲಿ ನಿಮಿಷ ಮೊದಲು ಹೇಳಿ, ಆಮೇಲೆ ಈ ಪದ ಸೇರಿಸಿ. ಒಂದು ಗಂಟೆ ಹತ್ತು ನಿಮಿಷ 'ದ್ಯೇಸಿತ್ ಮಿನೂತ್ ಫ್ತರೋವ', ಎರಡನೆಯದರ ಹತ್ತು ನಿಮಿಷ. ಒಂದೂ ಕಾಲು 'ಚೇತ್ವಿರ್ತ್ ಫ್ತರೋವ', ಎರಡನೆಯದರ ಕಾಲು.

ಒಂದು ನಿಜವಾದ ಸಮಯ ತೆಗೆದುಕೊಂಡು ನೋಡೋಣ. ಯೂರಿ ಗಗಾರಿನ್ ಅವರನ್ನು ಹೊತ್ತ ವಸ್ತೋಕ್ ನೌಕೆ ಹಾರಿದ್ದು ಮಾಸ್ಕೋ ಸಮಯ 9 ಗಂಟೆ 7 ನಿಮಿಷಕ್ಕೆ. ಒಂಬತ್ತು ಮುಗಿದಿದೆ, ಹತ್ತನೆಯದು ನಡೆಯುತ್ತಿದೆ. ಆದ್ದರಿಂದ 'ಸ್ಯೇಮ್ ಮಿನೂತ್ ದಿಸ್ಯಾತವ'. ನಿಖರವಾದ ನಿಮಿಷ ಬೇಡ, ಒಂಬತ್ತರಿಂದ ಹತ್ತರ ಒಳಗೆ ಯಾವಾಗಲೋ ಎನ್ನಬೇಕಾದರೆ 'ವ್ ದಿಸ್ಯಾತಮ್ ಚಿಸೂ' ಅನ್ನುತ್ತಾರೆ, ಹತ್ತನೇ ಗಂಟೆಯಲ್ಲಿ. ಇದನ್ನು 'ಹತ್ತು ಗಂಟೆಗೆ' ಎಂದು ತಪ್ಪು ತಿಳಿಯಬೇಡಿ. ಹತ್ತು ಗಂಟೆಗೆ ಅಂದರೆ 'ವ್ ದ್ಯೇಸಿತ್ ಚಿಸೋಫ್'.

ಹಂತ 3: ಅರ್ಧ ಗಂಟೆ

ಅರ್ಧಕ್ಕೆ 'ಪಲವೀನ'. ಒಂದೂವರೆ 'ಪಲವೀನ ಫ್ತರೋವ'. ದಿನಬಳಕೆಯಲ್ಲಿ ಅದು ಕುಗ್ಗಿ 'ಪೋಲ್‌ಫ್ತರೋವ' ಆಗುತ್ತದೆ, ಒಂದೇ ಪದ. ಅಂಗಡಿಯಲ್ಲಿ, ಹಾಸ್ಟೆಲ್‌ನಲ್ಲಿ, ಫೋನಿನಲ್ಲಿ ಜಾಸ್ತಿ ಕೇಳುವುದು ಈ ಚಿಕ್ಕ ರೂಪವೇ.

ಕೇಳುವಾಗ ಮಾಡಬೇಕಾದ್ದು ಒಂದೇ: ಕೇಳಿಸಿದ ಸಂಖ್ಯೆಯಿಂದ ಒಂದು ಕಳೆದು 'ವರೆ' ಸೇರಿಸಿ. ಪೋಲ್‌ಪ್ಯಾತವ, ಐದರಲ್ಲಿ ಒಂದು ಕಳೆದರೆ ನಾಲ್ಕು, ನಾಲ್ಕೂವರೆ. ಪೋಲ್‌ವಸ್ಮೋವ, ಏಳೂವರೆ. ಹೇಳುವಾಗ ಇದರ ತಿರುಗುಮುರುಗು: ಆರೂವರೆ ಹೇಳಬೇಕಾದರೆ ಆರಕ್ಕೆ ಒಂದು ಕೂಡಿಸಿ, ಪೋಲ್‌ಸಿದ್ಮೋವ. ಹನ್ನೆರಡೂವರೆಯಲ್ಲಿ ತುಂಬ ಜನ ಎಡವುತ್ತಾರೆ. ಹನ್ನೆರಡಕ್ಕೆ ಒಂದು ಕೂಡಿಸಿ ಹದಿಮೂರು ಅನ್ನಬಾರದು. ಅಲ್ಲಿಂದ ಲೆಕ್ಕ ಹೊಸದಾಗಿ ಶುರು, ಆದ್ದರಿಂದ ಪೋಲ್‌ಪ್ಯೇರ್ವವ.

'ಒಂದೂವರೆಗೆ ಬಾ' ಎನ್ನುವಾಗ ಉದ್ದ ರೂಪದ ಕೊನೆ ಬದಲಾಗುತ್ತದೆ: 'ಫ್ ಪಲವೀನೆ ಫ್ತರೋವ'. ಚಿಕ್ಕ ರೂಪಕ್ಕೆ ಆ ತಾಪತ್ರಯ ಇಲ್ಲ, 'ಫ್ ಪೋಲ್‌ಫ್ತರೋವ' ಎಂದರೆ ಸಾಕು.

ಇಲ್ಲಿ ಆಗುವ ತಪ್ಪಿಗೆ ಒಂದು ದಿಕ್ಕಿದೆ, ಅದರಿಂದಲೇ ತಪ್ಪನ್ನು ಗುರುತಿಸಬಹುದು. ಅವರು ಹೇಳಿದ್ದನ್ನು ನೀವು ಕನ್ನಡದ ಲೆಕ್ಕದಲ್ಲಿ ಕೇಳಿಸಿಕೊಂಡರೆ ಸರಿಯಾಗಿ ಒಂದು ಗಂಟೆ ತಡವಾಗಿ ಹೋಗುತ್ತೀರಿ. ನೀವು ಕನ್ನಡದ ಲೆಕ್ಕದಲ್ಲಿ ಹೇಳಿದರೆ ಅವರು ಒಂದು ಗಂಟೆ ಮುಂಚೆ ಬಂದು ಕಾಯುತ್ತಾರೆ. ವ್ಯತ್ಯಾಸ ಯಾವಾಗಲೂ ಒಂದು ಗಂಟೆಯೇ. ಅನುಮಾನ ಬಂದರೆ ಸಂಖ್ಯೆಯಲ್ಲೇ ತಿರುಗಿ ಕೇಳಿ. 'ಪೋಲ್‌ತ್ರೇತ್ಯೆವ' ಎಂದು ಕೇಳಿಸಿತೇ? 'ದ್ವಾ ತ್ರೀತ್ಸತ್?' ಅನ್ನಿ, ಎರಡು ಮೂವತ್ತಾ ಎಂದು. ಹೌದು ಎಂದರೆ ಮುಗಿಯಿತು.

ಹಾಗಾದರೆ ಯಾವಾಗಲೂ 'ಎರಡು ಮೂವತ್ತು' ಎಂದೇ ಹೇಳಿಬಿಡಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಹೇಳಬಹುದು, ತಪ್ಪೇನಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಎದುರಿನವರು 'ಪೋಲ್' ಬಳಸುವುದನ್ನು ನೀವು ತಡೆಯಲಾಗದು. ಹೇಳುವುದಕ್ಕಿಂತ ಕೇಳಿ ತಿಳಿಯುವುದಕ್ಕೇ ಇದು ಹೆಚ್ಚು ಬೇಕು.

'ಪೋಲ್' ಶಬ್ದ ಇರುವ ಇನ್ನೆರಡು ಪದಗಳನ್ನು ಇದರ ಜೊತೆ ಬೆರೆಸಬೇಡಿ. 'ಪೋಲ್‌ಚಿಸಾ' ಅಂದರೆ ಅರ್ಧ ಗಂಟೆ ಹೊತ್ತು, ಮೂವತ್ತು ನಿಮಿಷ. 'ಪಲ್ತರಾ ಚಿಸಾ' ಅಂದರೆ ಒಂದೂವರೆ ಗಂಟೆ ಹೊತ್ತು, ತೊಂಬತ್ತು ನಿಮಿಷ. ಕನ್ನಡದಲ್ಲಿ 'ಒಂದೂವರೆ ಗಂಟೆ' ಎನ್ನುವುದು ಗಡಿಯಾರದ ಸಮಯವೂ ಆಗಬಹುದು, ಕಾಯ್ದ ಹೊತ್ತೂ ಆಗಬಹುದು. ರಷ್ಯನ್‌ನಲ್ಲಿ ಎರಡೂ ಬೇರೆ ಬೇರೆ. ಗಡಿಯಾರದಲ್ಲಿ ಒಂದೂವರೆ ಪೋಲ್‌ಫ್ತರೋವ, ಕಾಯ್ದ ಒಂದೂವರೆ ಗಂಟೆ ಪಲ್ತರಾ ಚಿಸಾ.

ಹಂತ 4: ಅರ್ಧ ದಾಟಿದ ಮೇಲೆ

ಮುಳ್ಳು ಆರನ್ನು ದಾಟಿದ ಕೂಡಲೇ ರಷ್ಯನ್ನರು ಮುಂದಿನ ಗಂಟೆಗೆ ಎಷ್ಟು ಕಡಿಮೆ ಇದೆ ಎಂದು ಹೇಳುತ್ತಾರೆ. 'ಎರಡಕ್ಕೆ ಐದು ನಿಮಿಷ ಇದೆ' ಎಂದು ನಾವೂ ಅನ್ನುತ್ತೇವಲ್ಲ, ಅದೇ. ಇದಕ್ಕೆ ಬೇಕಿರುವ ಪದ 'ಬೆಜ್', ಇಲ್ಲದೆ ಎಂದು ಅರ್ಥ. ಅದರ ನಂತರ ಬರುವ ಸಂಖ್ಯೆಯ ಕೊನೆ ಬದಲಾಗುತ್ತದೆ. ಐದು 'ಪಿತೀ', ಹತ್ತು 'ದಿಸಿತೀ', ಕಾಲು 'ಚೇತ್ವಿರ್ತಿ', ಇಪ್ಪತ್ತು 'ದ್ವತ್ಸತೀ'. ಕೊನೆಗೆ ಬರುವ ಗಂಟೆ ಮಾತ್ರ ಮಾಮೂಲಿ ಸಂಖ್ಯೆ.

ಒಂದು ಐವತ್ತೈದು 'ಬೆಸ್ ಪಿತೀ ದ್ವಾ' (ಪ ಮುಂದೆ ಬೆಜ್ 'ಬೆಸ್' ಆಗುತ್ತದೆ). ಒಂದು ನಲವತ್ತು 'ಬೆಜ್ ದ್ವತ್ಸತೀ ದ್ವಾ'.

ಎರಡು ಎಚ್ಚರಿಕೆ. ಇಲ್ಲಿ 'ಫ್ತರೋವ' ಬರುವುದಿಲ್ಲ. ಮೊದಲ ಅರ್ಧಕ್ಕೆ 'ಎರಡನೆಯದರ', ಎರಡನೇ ಅರ್ಧಕ್ಕೆ ಬರೀ 'ಎರಡು'. ಇನ್ನೊಂದು, 'ಗೆ' ಅರ್ಥದ 'ವ್' ಇಲ್ಲಿ ಬೇಡ. ಒಂದು ಐವತ್ತೈದಕ್ಕೆ ಬರುತ್ತೇನೆ ಎನ್ನಲು 'ಬೆಸ್ ಪಿತೀ ದ್ವಾ' ಎಂದಷ್ಟೇ ಹೇಳಬೇಕು.

ಹಂತ 5: ಟಿಕೆಟ್, ಬೋರ್ಡ್, ವೇಳಾಪಟ್ಟಿ

ಬರಹದಲ್ಲಿ 24 ಗಂಟೆಯ ಲೆಕ್ಕ. ಅಂಗಡಿ ಬೋರ್ಡ್‌ನಲ್ಲಿ 9:00–18:00, ರೈಲು ಟಿಕೆಟ್‌ನಲ್ಲಿ 14:30. ಸ್ಟೇಷನ್ನಿನ ಪ್ರಕಟಣೆಯಲ್ಲೂ 'ಚಿತೀರ್ನತ್ಸತ್ ಚಿಸೋಫ್ ತ್ರೀತ್ಸತ್ ಮಿನೂತ್' ಎಂದೇ ಬರುತ್ತದೆ, ಹದಿನಾಲ್ಕು ಗಂಟೆ ಮೂವತ್ತು ನಿಮಿಷ. 'ಪೋಲ್' ಮತ್ತು 'ಬೆಜ್' ಹನ್ನೆರಡು ಗಂಟೆಯ ಲೆಕ್ಕಕ್ಕೆ ಮಾತ್ರ. 'ಹದಿನೈದನೆಯದರ ಅರ್ಧ' ಎಂದು ಯಾರೂ ಹೇಳುವುದಿಲ್ಲ. ಟಿಕೆಟ್‌ನಲ್ಲಿ 14:30 ನೋಡಿ ಸ್ನೇಹಿತರಿಗೆ ಹೇಳುವಾಗ ಮೊದಲು ಹನ್ನೆರಡು ಕಳೆಯಿರಿ, ಎರಡೂವರೆ. ಆಮೇಲೆ ಒಂದು ಕೂಡಿಸಿ, ಪೋಲ್‌ತ್ರೇತ್ಯೆವ.

ರಷ್ಯಾದಲ್ಲಿ ಹನ್ನೊಂದು ಸಮಯ ವಲಯಗಳಿವೆ. ಮೊದಲು ದೇಶದ ಎಲ್ಲ ರೈಲು ಟಿಕೆಟ್‌ಗಳಲ್ಲೂ ಮಾಸ್ಕೋ ಸಮಯವೇ ಇರುತ್ತಿತ್ತು. 2018ರ ಆಗಸ್ಟ್‌ನಿಂದ ಆಯಾ ಊರಿನ ಸ್ಥಳೀಯ ಸಮಯ ಬಂದಿದೆ. ಹಳೆಯ ಪುಸ್ತಕದಲ್ಲಿ 'ಟಿಕೆಟ್ ಸಮಯ ಮಾಸ್ಕೋದ್ದು' ಎಂದು ಓದಿದ್ದರೆ ಅದನ್ನು ಬಿಟ್ಟುಬಿಡಿ. ಮನೆಗೆ ಫೋನ್ ಮಾಡುವವರಿಗೆ: ಮಾಸ್ಕೋಗಿಂತ ನಮ್ಮ ಸಮಯ ಎರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ ಆರೂವರೆ, ಪೋಲ್‌ಸಿದ್ಮೋವ, ಆದಾಗ ಇಲ್ಲಿ ಒಂಬತ್ತು. ಈ ಅಂತರಕ್ಕೆ 'ದ್ವಾ ಸ್ ಪಲವೀನಯ್ ಚಿಸಾ' ಅನ್ನುತ್ತಾರೆ, ಎರಡು ಮತ್ತು ಅರ್ಧ. ಹೊತ್ತನ್ನು ಅಳೆಯುವಾಗ ಅವರೂ ನಮ್ಮ ಹಾಗೆ ಕೂಡಿಸುತ್ತಾರೆ ಎಂಬುದನ್ನು ಗಮನಿಸಿ. 'ಮುಂದಿನ ಗಂಟೆ'ಯ ಲೆಕ್ಕ ಗಡಿಯಾರಕ್ಕೆ ಮಾತ್ರ.

ಹಂತ 6: ತಾರೀಖು

ಹಂತ 2ರ ಪಟ್ಟಿ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ. 'ಇವತ್ತು ಎಷ್ಟು ತಾರೀಖು?' ಎನ್ನಲು 'ಕಕೋಯೆ ಸಿವೋದ್ನ್ಯ ಚಿಸ್ಲೋ?'. ಉತ್ತರ 'ಪ್ಯಾತಯೆ ಮಾಯ', ಮೇ ತಿಂಗಳ ಐದನೆಯದು. ಆದರೆ 'ಐದನೇ ತಾರೀಖಿಗೆ' ಏನೋ ನಡೆಯುತ್ತದೆ ಎನ್ನುವಾಗ 'ಪ್ಯಾತವ ಮಾಯ' ಆಗುತ್ತದೆ. ಪೋಲ್‌ಪ್ಯಾತವದಲ್ಲಿ ಬಂದ ಅದೇ ಪ್ಯಾತವ. ಇದರ ಮುಂದೆ 'ವ್' ಹಾಕಬಾರದು. ನಮ್ಮ 'ಗೆ' ನೆನಪಾಗಿ 'ಫ್ ಪ್ಯಾತವ ಮಾಯ' ಎನ್ನುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ತಿಂಗಳ ಹೆಸರೂ 'ಮೇಯ' ಎನ್ನುವ ಸಂಬಂಧದ ರೂಪಕ್ಕೆ ಬರುತ್ತದೆ. ಮಾಯ್ ಮಾಯ ಆಗುತ್ತದೆ, ಅಪ್ರೇಲ್ ಅಪ್ರೇಲ್ಯ ಆಗುತ್ತದೆ, ಮಾರ್ತ್ ಮಾರ್ತ ಆಗುತ್ತದೆ. ವಾರದ ದಿನಕ್ಕೆ ಮಾತ್ರ 'ವ್' ಬೇಕು: ಬುಧವಾರಕ್ಕೆ 'ಫ್ ಸ್ರೇದು', ಶುಕ್ರವಾರಕ್ಕೆ 'ಫ್ ಪ್ಯಾತ್ನಿತ್ಸು'. ರಷ್ಯನ್ ವಾರ ಸೋಮವಾರ ಶುರುವಾಗುತ್ತದೆ. ಅಲ್ಲಿನ ಕ್ಯಾಲೆಂಡರಿನ ಮೊದಲ ಸಾಲಿನ ದಿನ ಭಾನುವಾರ ಎಂದುಕೊಂಡು ಓದಿದರೆ ಎಲ್ಲ ದಿನಗಳೂ ಒಂದೊಂದು ಜರುಗಿಬಿಡುತ್ತವೆ.

ಇಸವಿ ಸೇರಿದಾಗ ವಾಕ್ಯ ಉದ್ದವಾಗುತ್ತದೆ, ಆದರೆ ಕಷ್ಟವಿಲ್ಲ. ಇಸವಿಯ ಕೊನೆಯ ಪದ ಮಾತ್ರ 'ಎಷ್ಟನೆಯದು' ಆಗುತ್ತದೆ, ಉಳಿದವು ಮಾಮೂಲಿ ಸಂಖ್ಯೆಗಳು. ಗಗಾರಿನ್ ಹಾರಿದ ದಿನ 12.04.1961. ನಮ್ಮ ಹಾಗೆ ದಿನ, ತಿಂಗಳು, ವರ್ಷ ಎಂದೇ ಬರೆಯುತ್ತಾರೆ. ಓದುವುದು ಹೀಗೆ:

ದ್ವಿನಾತ್ಸತವ ಅಪ್ರೇಲ್ಯ / ತೀಸಿಚ ದಿವಿತ್ಸೋತ್ ಷಿಜ್ದಿಸ್ಯಾತ್ ಪ್ಯೇರ್ವವ ಗೋದ

ಪದಕ್ಕೆ ಪದ ಇಟ್ಟು ನೋಡಿದರೆ: ಏಪ್ರಿಲ್‌ನ ಹನ್ನೆರಡನೆಯದು, ಸಾವಿರದ ಒಂಬೈನೂರ ಅರವತ್ತು ಒಂದನೆಯ ವರ್ಷದ. ಸಾವಿರ, ಒಂಬೈನೂರು, ಅರವತ್ತು ಬದಲಾಗಿಲ್ಲ. 'ಒಂದು' ಮಾತ್ರ ಪ್ಯೇರ್ವವ ಆಗಿದೆ. ತಾರೀಖಿಲ್ಲದೆ ಬರೀ 'ಅರವತ್ತೊಂದರಲ್ಲಿ' ಎನ್ನಬೇಕಾದರೆ ಮುಂದೆ 'ಫ್' ಬರುತ್ತದೆ, ಕೊನೆಗೆ 'ಪ್ಯೇರ್ವಮ್ ಗದೂ' ಆಗುತ್ತದೆ.

ಕಾಗದಪತ್ರ ಓದುವವರು ಇದೊಂದನ್ನು ನೆನಪಿಡಿ. 'ಸ್ ಪ್ಯಾತವ ಪ ದಿಸ್ಯಾತಯೆ ಮಾಯ' ಅಂದರೆ ಐದರಿಂದ ಹತ್ತರವರೆಗೆ, ಹತ್ತನೇ ತಾರೀಖೂ ಸೇರಿ. 'ಪ' ಬದಲು 'ದ' ಬಂದು 'ದ ದಿಸ್ಯಾತವ ಮಾಯ' ಎಂದಿದ್ದರೆ ಹತ್ತು ಸೇರಿದೆಯೋ ಇಲ್ಲವೋ ಸ್ಪಷ್ಟವಿಲ್ಲ. ಹಾಸ್ಟೆಲ್ ಶುಲ್ಕ, ಅರ್ಜಿಯ ಕೊನೆ ದಿನ ಇಂಥ ಕಡೆ 'ಫ್ಕ್ಲ್ಯುಚೀತಿಲ್ನ?' ಎಂದು ಕೇಳಿ, ಆ ದಿನವೂ ಸೇರಿದೆಯಾ ಎಂದು.

ಹಂತ 7: ಎಷ್ಟು ಹೊತ್ತು?

ಹೊತ್ತು ಹೇಳುವಾಗ ಗಂಟೆಗೆ ಮೇಲಿನ ಮೂರು ರೂಪಗಳೇ. ವರ್ಷಕ್ಕೂ ಹೀಗೇ ಮೂರು: ಒಂದಕ್ಕೆ ಗೋತ್, ಎರಡು-ಮೂರು-ನಾಲ್ಕಕ್ಕೆ ಗೋದ, ಐದರಿಂದ ಲೇತ್. ಆದರೆ 11ರಿಂದ 14ರವರೆಗೆ ಕೊನೆಯ ಅಂಕೆ ನೋಡಿ ಮೋಸಹೋಗಬೇಡಿ, ಅವೆಲ್ಲಕ್ಕೂ ಲೇತ್.

ನಿಜವಾದ ತೊಡಕು ಸಂಖ್ಯೆಯ ಹಿಂದೆ ಮುಂದೆ ಬರುವ ಸಣ್ಣ ಪದಗಳದು. ಇಲ್ಲಿ ಕನ್ನಡ ನಮಗೆ ತುಂಬ ಸಹಾಯ ಮಾಡುತ್ತದೆ, ಯಾಕೆಂದರೆ ನಾವೂ ಇವನ್ನು ಬೇರೆ ಬೇರೆಯಾಗಿಯೇ ಹೇಳುತ್ತೇವೆ.

'ಎರಡು ಗಂಟೆ ಓದಿದೆ' ಎನ್ನುವಾಗ ಏನೂ ಸೇರುವುದಿಲ್ಲ: 'ದ್ವಾ ಚಿಸಾ'. 'ಎರಡು ಗಂಟೆಯಲ್ಲಿ ಓದಿ ಮುಗಿಸಿದೆ' ಎಂದರೆ 'ಜ ದ್ವಾ ಚಿಸಾ'. 'ಎರಡು ಗಂಟೆ ಬಿಟ್ಟು ಬರ್ತೀನಿ' ಎಂದರೆ 'ಚೇರಿಸ್ ದ್ವಾ ಚಿಸಾ'. 'ಎರಡು ಗಂಟೆ ಮಟ್ಟಿಗೆ ಬಂದಿದ್ದೇನೆ' ಎಂದರೆ 'ನ ದ್ವಾ ಚಿಸಾ'. 'ಎರಡು ಗಂಟೆ ಹಿಂದೆ' ಎಂದರೆ 'ದ್ವಾ ಚಿಸಾ ನಜಾತ್'.

ಹೆಚ್ಚು ಅಪಾಯ 'ಚೇರಿಸ್' ವಿಷಯದಲ್ಲಿ. 'ಚೇರಿಸ್ ಚಾಸ್' ಎಂದರೆ ಇನ್ನೊಂದು ಗಂಟೆ ಬಿಟ್ಟು. 'ಫ್ ಚಾಸ್' ಎಂದರೆ ಒಂದು ಗಂಟೆಗೆ. ಈಗ ಹತ್ತು ಗಂಟೆಯಾಗಿದ್ದರೆ ಮೊದಲನೆಯದು ಹನ್ನೊಂದಕ್ಕೆ, ಎರಡನೆಯದು ಮಧ್ಯಾಹ್ನ ಒಂದಕ್ಕೆ.

ಸುಮಾರು ಎನ್ನಲು ರಷ್ಯನ್ನರು ಬೇರೆ ಪದ ಹುಡುಕಬೇಕಾಗಿಲ್ಲ, ಪದಗಳ ಜಾಗ ಅದಲುಬದಲು ಮಾಡಿದರೆ ಸಾಕು. 'ದ್ವಾ ಚಿಸಾ' ಎರಡು ಗಂಟೆ, 'ಚಿಸಾ ದ್ವಾ' ಒಂದೆರಡು ಗಂಟೆ. 'ಫ್ ಪ್ಯಾತ್ ಚಿಸೋಫ್' ಸರಿಯಾಗಿ ಐದಕ್ಕೆ, 'ಚಿಸೋಫ್ ಫ್ ಪ್ಯಾತ್' ಐದರ ಸುಮಾರಿಗೆ. ಇದನ್ನು ಗಮನಿಸದೆ ಐದಕ್ಕೆ ಸರಿಯಾಗಿ ಹೋಗಿ ನಿಂತರೆ ಸ್ವಲ್ಪ ಹೊತ್ತು ಕಾಯಬೇಕಾಗಬಹುದು. ನೀವೇ ಹೇಳುವಾಗ ಬಾಯಿತಪ್ಪಿ ಜಾಗ ಬದಲಿಸಿದರೆ ಎದುರಿನವರು ಅದನ್ನು ಸಡಿಲವಾದ ಮಾತು ಎಂದೇ ತಿಳಿಯುತ್ತಾರೆ.

ಗಗಾರಿನ್ ಹಾರಾಟವನ್ನೇ ತೆಗೆದುಕೊಂಡು ಇದನ್ನು ಪರೀಕ್ಷಿಸಿ ನೋಡಿ. ಅದು 108 ನಿಮಿಷದ ಹಾರಾಟ ಎಂದೇ ಹೆಸರಾಗಿದೆ. 'ಹಾರಾಟ 108 ನಿಮಿಷ ನಡೆಯಿತು' ಎಂದರೆ ಬರೀ ಹೊತ್ತು: 'ಪಲ್ಯೋತ್ ದ್ಲೀಲ್ಸ್ಯ ಸ್ತೋ ವೋಸಿಮ್ ಮಿನೂತ್'. '108 ನಿಮಿಷದಲ್ಲಿ ಭೂಮಿಯನ್ನು ಸುತ್ತಿ ಬಂದರು' ಎಂದರೆ ಮುಗಿಸಿದ ಕೆಲಸ: 'ಅಬ್ಲಿತ್ಯೇಲ್ ಜಿಮ್ಲ್ಯೂ ಜ ಸ್ತೋ ವೋಸಿಮ್ ಮಿನೂತ್'. ಎರಡನೆಯದರಲ್ಲಿ 'ಜ' ಬಿಟ್ಟರೆ ರಷ್ಯನ್ ಕಿವಿಗೆ ವಾಕ್ಯ ಅರ್ಧಕ್ಕೇ ನಿಂತಂತೆ ಕೇಳಿಸುತ್ತದೆ. ಮೊದಲನೆಯದರಲ್ಲಿ 'ಜ' ಸೇರಿಸಿದರೆ ವಾಕ್ಯವೇ ತಪ್ಪು.